ಸಂಜೆ ಹಾಲು, ಬೆಳಗ್ಗೆ ಮಜ್ಜಿಗೆ: ಪ್ಯಾಕೆಟ್ ಸಾಲು ಕೊನೆಗೂ ಕೂತಿತು

ಮೂರು ವಾರ ಕಾಡಿದ ಸಾಲು ಕೊನೆಗೆ ಒಂದು ಭಾನುವಾರ ಕೂತಿತು. ನಮ್ಮೂರ ಕಡೆಯ ಸಣ್ಣ ಸಹಕಾರಿ ಡೇರಿಯೊಂದರ 200 ಎಂಎಲ್ ಮಜ್ಜಿಗೆ ಪ್ಯಾಕೆಟ್‌ಗೆ ಟ್ಯಾಗ್‌ಲೈನ್ ಬರೆದು, ಅಕ್ಷರವನ್ನೂ ಬಿಡಿಸಿಕೊಡುವ ಕೆಲಸ ಒಪ್ಪಿಕೊಂಡಿದ್ದೆ. ಸಾಲು ಬರೆಯುವುದು, ಅಕ್ಷರ ಬಿಡಿಸುವುದು ನಿಮಗೆಲ್ಲ ಗೊತ್ತಿರುವ ಕೆಲಸವೇ, ಆ ಹಂತಗಳನ್ನು ಬಿಡುತ್ತೇನೆ. ನೋಟ್‌ಬುಕ್ಕಿನ ಆರು ಪುಟ ತಿಂದದ್ದು ಒಂದೇ ಪದ: ತಾಜಾ.

ಡೇರಿಯವರು ಕೇಳಿದ್ದು ಅದನ್ನೇ. 'ತಾಜಾತನ ಗೊತ್ತಾಗಬೇಕು ಸರ್, ಆದರೆ ಎಲ್ಲರ ಥರ ಇರಬಾರದು' ಎಂದರು ಕಾರ್ಯದರ್ಶಿಯವರು. ಅಂಗಡಿಯ ಫ್ರಿಜ್ ಮುಂದೆ ನಿಂತು ನೋಡಿದೆ. ತಾಜಾ, ಶುದ್ಧ, ಹಳ್ಳಿಯ ಸೊಗಡು, ಅಮ್ಮನ ಕೈರುಚಿ. ಹೆಸರು ಮುಚ್ಚಿದರೆ ಯಾವ ಸಾಲು ಯಾವ ಡೇರಿಯದು ಅಂತ ಹೇಳಲಾಗದು.

ಅದಕ್ಕಿಂತ ದೊಡ್ಡ ತೊಡಕು ಕಾನೂನಿನದು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳ ಪ್ರಕಾರ 'ತಾಜಾ' ಅಂತ ಎಲ್ಲದಕ್ಕೂ ಬರೆಯುವಂತಿಲ್ಲ. ತೊಳೆಯುವುದು, ಸಿಪ್ಪೆ ತೆಗೆಯುವುದು, ಕತ್ತರಿಸುವುದು, ತಣ್ಣಗಿಡುವುದು, ಇಂಥ ಸಣ್ಣಪುಟ್ಟ ಕೆಲಸವಷ್ಟೇ ಆಗಿರುವ ಪದಾರ್ಥಕ್ಕೆ ಆ ಮಾತು ಸಲ್ಲುತ್ತದೆ. ಮಾಡಿದ ಸಂಸ್ಕರಣೆಯಿಂದ ಬಾಳಿಕೆಯೂ ಹೆಚ್ಚಿತೆಂದರೆ ಆ ಪದ ಬಳಸಬಾರದು. ಮಜ್ಜಿಗೆಯ ಹಾಲನ್ನು ಕಾಯಿಸಿ, ಹೆಪ್ಪು ಹಾಕಿ, ಮೊಸರನ್ನು ಒಡೆದು, ನೀರು, ಉಪ್ಪು, ಶುಂಠಿ, ಹಸಿಮೆಣಸು ಸೇರಿಸಿರುತ್ತಾರೆ. ಹಾಗಾಗಿ ಆ ಪದವನ್ನು ಮೊದಲ ದಿನವೇ ಕೈಬಿಟ್ಟೆ. ಬಿಟ್ಟ ಮೇಲೆ ಕೆಲಸ ಹಗುರವೇ ಆಯಿತು.

ನಮ್ಮ ಅಡುಗೆಮನೆಗಳಲ್ಲಿ ಮಜ್ಜಿಗೆಗೆ ಯಾರೂ ತಾಜಾ ಅನ್ನುವುದಿಲ್ಲ. 'ಹುಳಿ ಬಂದಿದೆಯಾ?' ಅಂತ ಕೇಳುತ್ತಾರೆ. ಹುಳಿ ಬಾರದ್ದು ಸಿಹಿ ಮಜ್ಜಿಗೆ, ಅಂದರೆ ಹೊಸದು. ಆ ಜಾಡು ಹಿಡಿದು 'ಹುಳಿ ಬರುವ ಮೊದಲೇ ನಿಮ್ಮ ಕೈಗೆ' ಅಂತ ಬರೆದೆ. ಎರಡು ದಿನ ಬಹಳ ಖುಷಿಯಲ್ಲಿದ್ದೆ. ಆಮೇಲೆ ಅದನ್ನು ಪರೀಕ್ಷೆ ಮಾಡಿಯೇ ಬಿಡೋಣ ಅಂತ ಒಂದೇ ದಿನ ಪ್ಯಾಕ್ ಆದ ಮಜ್ಜಿಗೆಯನ್ನು ಮೂರು ಅಂಗಡಿಯಲ್ಲಿ ಕೊಳ್ಳುತ್ತಾ ಹೋದೆ. ಎರಡು ಅಂಗಡಿಯದ್ದು ಮೂರನೇ ದಿನವೂ ಚೆನ್ನಾಗಿತ್ತು. ಮೂರನೆಯವನು ರಾತ್ರಿ ಫ್ರಿಜ್ ಆರಿಸಿ ಮನೆಗೆ ಹೋಗುತ್ತಾನೆ. ಅವನ ಪ್ಯಾಕೆಟ್ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಒತ್ತಿದರೆ ಗಾಳಿ, ಕತ್ತರಿಸಿದರೆ ಹಲ್ಲು ಜುಂ ಅನ್ನುವ ಹುಳಿ. ನೀರು ಮೇಲೆ, ಗಟ್ಟಿ ಕೆಳಗೆ ನಿಂತಿದ್ದರೆ ಹೆದರಬೇಕಿಲ್ಲ, ಅಲ್ಲಾಡಿಸಿದರೆ ಸರಿಹೋಗುತ್ತದೆ. ಉಬ್ಬಿದ್ದು ಮಾತ್ರ ಕೆಟ್ಟದ್ದೇ. ಹೆಪ್ಪಿನ ಜೀವಾಣು ತಣ್ಣಗಿದ್ದಾಗ ನಿಧಾನವಾಗುತ್ತವೆ ಅಷ್ಟೇ, ಸುಮ್ಮನಾಗುವುದಿಲ್ಲ. ಬೆಚ್ಚಗಾದರೆ ಮತ್ತೆ ಹುಳಿ ಏರಿಸುತ್ತವೆ, ಜೊತೆಗೆ ಯೀಸ್ಟ್ ಸೇರಿದ್ದರೆ ಗಾಳಿಯೂ ತುಂಬುತ್ತದೆ. ಅಂಗಡಿಯ ಫ್ರಿಜ್ ಡೇರಿಯ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದಕ್ಕೆ ಪ್ಯಾಕೆಟ್ ಮೇಲೆ ಮಾತು ಕೊಡಬಾರದು. ಆ ಸಾಲೂ ಹೋಯಿತು.

ಮುಂದಿನದು 'ಇವತ್ತಿನ ಮಜ್ಜಿಗೆ'. ಎರಡೇ ಪದ, ಬಾಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ಆದರೆ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಫಿಲ್ಮ್ ಅಚ್ಚಾಗುವುದು ತಿಂಗಳುಗಟ್ಟಲೆ ಮೊದಲು. ಮಾರನೇ ದಿನ ಅಂಗಡಿಯಲ್ಲಿ ಉಳಿದ ಪ್ಯಾಕೆಟ್ ಮೇಲೂ 'ಇವತ್ತಿನ' ಅಂತಲೇ ಇರುತ್ತದೆ, ಪಕ್ಕದಲ್ಲೇ ನಿನ್ನೆಯ ದಿನಾಂಕ. ಕೊಂಡವರು ಎರಡನ್ನೂ ಓದುತ್ತಾರೆ.

ಗಂಟು ಬಿಡಿಸಿದ್ದು ನಮ್ಮ ಅತ್ತೆ. ದಿನಾ ಎರಡು ಹೊತ್ತು ಸಂಘಕ್ಕೆ ಹಾಲು ಹಾಕುವವರು. 'ನಿಮ್ಮನೆ ಮಜ್ಜಿಗೆ ಯಾವತ್ತಿಂದು ಅತ್ತೆ?' ಅಂದೆ. 'ಯಾವತ್ತಿಂದು ಅಂದ್ರೆ? ಸಂಜೆ ಹಾಲು, ಬೆಳಗ್ಗೆ ಕಡ್ದಿದ್ದು, ಇನ್ನೇನು' ಅಂದರು. ನಾನು ಲೋಟ ಕೆಳಗಿಟ್ಟು ಬರೆದುಕೊಂಡೆ.

'ಕಡೆದ' ಅನ್ನುವುದನ್ನು ಬಿಡಲೇಬೇಕಾಯಿತು. ಅತ್ತೆ ಮೊಸರು ಕಡೆದು ಬೆಣ್ಣೆ ತೆಗೆಯುತ್ತಾರೆ, ಉಳಿದದ್ದು ಮಜ್ಜಿಗೆ. ಡೇರಿಯಲ್ಲಿ ಮೊಸರನ್ನು ಒಡೆದು ನೀರು ಬೆರೆಸುತ್ತಾರೆ, ಬೆಣ್ಣೆ ತೆಗೆಯುವುದಿಲ್ಲ. ಉಳಿದದ್ದು ನಾಲ್ಕು ಪದ: ಸಂಜೆ ಹಾಲು, ಬೆಳಗ್ಗೆ ಮಜ್ಜಿಗೆ. ಇದರಲ್ಲಿ ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಮೂರನೇ ದಿನ ಓದಿದರೂ ಸುಳ್ಳಾಗುವುದಿಲ್ಲ. ಯಾವ ಬೆಳಗ್ಗೆ ಅನ್ನುವುದನ್ನು ಕೆಳಗಿನ ದಿನಾಂಕ ಹೇಳುತ್ತದೆ. ಹಾಗಾಗಿ ದಿನಾಂಕದ ಜಾಗವನ್ನು ಪ್ಯಾಕೆಟ್ಟಿನ ಮೂಲೆಯಿಂದ ಎತ್ತಿ ಸಾಲಿನ ನೇರ ಕೆಳಕ್ಕೆ ತಂದೆ.

ಈ ಸಾಲು ನಿಜವೇ ಅಂತ ನೋಡಲು ಒಂದು ರಾತ್ರಿ ಡೇರಿಯಲ್ಲೇ ಉಳಿದೆ. ಸಂಜೆಯ ಹಾಲು ರಾತ್ರಿ ಒಂಬತ್ತಕ್ಕೆ ಕಾದು, 43 ಡಿಗ್ರಿಗೆ ಇಳಿದ ಮೇಲೆ ಹೆಪ್ಪು ಬಿತ್ತು. ಎರಡೂವರೆಗೆ ಮೊಸರಾಗಿತ್ತು, ಚಿಲ್ಲರ್‌ಗೆ ಹೋಯಿತು. ಐದೂವರೆಗೆ ಮೊದಲ ಪ್ಯಾಕೆಟ್ ಬಿತ್ತು, ನಾನೇ ಕುಡಿದೆ. ಅಷ್ಟರಲ್ಲಿ ಉತ್ಪಾದನೆ ನೋಡಿಕೊಳ್ಳುವವರು ಮೆಲ್ಲಗೆ ಹೇಳಿದರು: 'ಏಪ್ರಿಲ್‌ನಲ್ಲಿ ಹಾಲು ಕಮ್ಮಿ, ಮಜ್ಜಿಗೆಗೆ ಗಿರಾಕಿ ಜಾಸ್ತಿ. ಆಗ ಹಾಲಿನ ಪುಡಿ ಬೆರೆಸದೆ ಆಗಲ್ಲ ಸರ್.' ಪುಡಿಯ ಮಜ್ಜಿಗೆ ಕುಡಿಯಲು ಏನೂ ತೊಂದರೆಯಿಲ್ಲ, ಆದರೆ ಅದು ಸಂಜೆ ಹಾಲಲ್ಲ. ಕಾರ್ಯದರ್ಶಿಯವರ ಜೊತೆ ಒಂದು ಗಂಟೆ ಕೂತು ತೀರ್ಮಾನವಾದದ್ದು ಇಷ್ಟು: ಸಂಜೆ ಟ್ಯಾಂಕರ್ ಹಾಲಿನಲ್ಲಿ ಮೊದಲ ಪಾಲು ಮಜ್ಜಿಗೆಗೆ, ಪುಡಿ ಬೆರೆತ ದಿನ ಸಾಲಿಲ್ಲದ ಹಳೇ ಫಿಲ್ಮ್. ಅವರು ಒಪ್ಪಿದ್ದು ನನಗೆ ಸಾಲು ಸಿಕ್ಕಿದ್ದಕ್ಕಿಂತ ದೊಡ್ಡ ಸಂತೋಷ.

ಇನ್ನು ಫಿಲ್ಮ್ ಅಚ್ಚು ಹಾಕುವವರ ಕಥೆ. ಪ್ರೂಫ್ ಎರಡು ವಾರ ತಡ. ಬಂದಾಗ 'ಮಜ್ಜಿಗೆ'ಯ ಜ ಒತ್ತು ಶಾಯಿ ತುಂಬಿಕೊಂಡು ಕಪ್ಪು ಹುಣಸೆಬೀಜದಂತಾಗಿತ್ತು. ಕೇಳಿದರೆ 'ಕನ್ನಡದಲ್ಲಿ ಹಾಗೇ ಬರೋದು' ಅಂತ ಉತ್ತರ. ಹಾಗೇನೂ ಬರಬೇಕಿಲ್ಲ! ನೀಲಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟಿದ್ದರು. ಸುತ್ತಲಿನ ಶಾಯಿ ಹರಡಿದಾಗ ಸಣ್ಣ ಗೆರೆ ಮುಚ್ಚುತ್ತದೆ, ಮೊದಲು ಹೋಗುವುದೇ ಒತ್ತು. ಬಿಳಿ ಫಿಲ್ಮ್ ಮೇಲೆ ಒಂದೇ ಬಣ್ಣದ ಕಡುನೀಲಿ ಅಕ್ಷರ ಮಾಡಿ, ಒತ್ತಿನ ಒಳಗಿನ ಬಿಳಿಯನ್ನು ಸ್ವಲ್ಪ ಅಗಲಿಸಿ, ಅದನ್ನು ಅಕ್ಷರದಿಂದ ಕೂದಲೆಳೆಯಷ್ಟು ಕೆಳಗಿಳಿಸಿ ಕಳಿಸಿದ್ದೇನೆ.

ಡೇರಿಯಲ್ಲಿ ಕಾಯುತ್ತಿದ್ದಾಗ ಅತ್ತೆಯ ಸಂಘದ ಹಾಲಿನ ಚೀಟಿ ಕೈಗೆ ಬಂತು. ಲೀಟರ್, ಫ್ಯಾಟ್, ಕೊಬ್ಬು ಬಿಟ್ಟು ಉಳಿದ ಘನಾಂಶವಾದ ಎಸ್‌ಎನ್‌ಎಫ್, ದರ, ಎಲ್ಲವೂ ಇಂಗ್ಲಿಷ್‌ನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಹಾಲು ಹಾಕುವವರಿಗೆ ತಮ್ಮ ದುಡ್ಡಿನ ಲೆಕ್ಕ ಕನ್ನಡ ಅಕ್ಷರದಲ್ಲಿ, ಅಲ್ಲೇ ನಿಂತು ಓದುವಂತಿರಬೇಕು. ಮುಂದಿನ ಕೆಲಸ ಅದೇ. ಥರ್ಮಲ್ ಪ್ರಿಂಟರ್‌ನ ಎರಡು ಇಂಚು ಅಗಲದಲ್ಲಿ ಒತ್ತಕ್ಷರ ಚೊಕ್ಕವಾಗಿ ಬರುವ ಫಾಂಟ್ ಬಳಸಿದವರಿದ್ದರೆ ದಯವಿಟ್ಟು ಹೇಳಿ.

ಎರಡನೇ ಪ್ರೂಫ್ ಶುಕ್ರವಾರ ಬರುತ್ತದಂತೆ. ಬಂದ ಕೂಡಲೇ ಮೊದಲು ಅತ್ತೆಗೆ ಕನ್ನಡಕವಿಲ್ಲದೆ ಓದಲು ಕೊಡುತ್ತೇನೆ.