ದೊಡ್ಡಮ್ಮನ ಮನೆಯ ಚಾರ್ಟ್

"ಮೇಡಂ, ಇಬ್ಬರಿಗೂ ಕಿವಿ ಕೇಳಿಸಲ್ಲ. ಮಕ್ಕಳಿಬ್ಬರಿಗೂ ಚೆನ್ನಾಗಿ ಕೇಳಿಸುತ್ತೆ. ಹಂಗಾದ್ರೆ ಇದು ಡಾಮಿನೆಂಟ್ ಅಲ್ವಾ?"

ಸೋಮವಾರದಿಂದ ಈ ಮಾತು ನನ್ನ ತಲೆಯಲ್ಲೇ ಸುತ್ತುತ್ತಿದೆ. ಕೇಳಿದವಳು ಶ್ರೀನಿವಾಸಪುರದ ಕಡೆಯಿಂದ ದಿನಾ ಬಸ್ಸಲ್ಲಿ ಕೋಲಾರಕ್ಕೆ ಬರುವ ಹುಡುಗಿ. ಹಿಂದಿನ ಬೆಂಚಲ್ಲಿ ಕೂರುತ್ತಾಳೆ, ಮಾತು ಕಡಿಮೆ. ಕೆಟ್ಟ ಜೀನಿನ ಒಂದು ಪ್ರತಿ ಬಂದರೂ ಸಾಕು, ತೊಂದರೆ ಕಾಣಿಸುತ್ತೆ ಅಂದರೆ ಅದು ಡಾಮಿನೆಂಟ್; ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ಮಾತ್ರ ಕಾಣಿಸುತ್ತೆ ಅಂದರೆ ರಿಸೆಸಿವ್. ಅವತ್ತು ಬೋರ್ಡಿನ ಮೇಲೆ ನಾನು ಎರಡು ಸೂತ್ರ ಬರೆದಿದ್ದೆ. ತೊಂದರೆ ಇಲ್ಲದ ತಂದೆತಾಯಿಗೆ ತೊಂದರೆ ಇರುವ ಮಗು ಹುಟ್ಟಿದರೆ ಅದು ರಿಸೆಸಿವ್. ತೊಂದರೆ ಇರುವ ತಂದೆತಾಯಿಗೆ ತೊಂದರೆ ಇಲ್ಲದ ಮಗು ಹುಟ್ಟಿದರೆ ಡಾಮಿನೆಂಟ್. ಪೆಡಿಗ್ರಿ ಚಾರ್ಟ್, ಅಂದರೆ ತಲೆಮಾರುಗಳಲ್ಲಿ ಯಾರಿಗೆ ತೊಂದರೆ ಇದೆ ಅಂತ ತೋರಿಸುವ ಮನೆತನದ ನಕ್ಷೆ, ಬಿಡಿಸಲು ವರ್ಷಾನುಗಟ್ಟಲೆ ಇದನ್ನೇ ಹೇಳಿಕೊಡುತ್ತಾ ಬಂದಿದ್ದೇನೆ.

ಅವಳ ನೋಟ್‌ಬುಕ್ಕಿನಲ್ಲಿ ಪುಸ್ತಕದ ಚಾರ್ಟ್ ಇರಲಿಲ್ಲ. ಅವಳ ದೊಡ್ಡಮ್ಮನ ಮನೆ ಇತ್ತು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಹುಟ್ಟಿನಿಂದ ಕಿವಿ ಕೇಳಿಸದವರಿಗೆ ಪೆನ್ಸಿಲ್ ತುಂಬಿದ ಗುರುತು. ದೊಡ್ಡಮ್ಮ, ದೊಡ್ಡಪ್ಪ ಇಬ್ಬರದೂ ಕಪ್ಪು. ಅವರ ಮಗಳು, ಮಗ ಇಬ್ಬರದೂ ಖಾಲಿ. ನನ್ನ ಎರಡನೇ ಸೂತ್ರದ ಪ್ರಕಾರ ಅವಳು ಹೇಳಿದ್ದು ಸರಿ.

ಆದರೆ ಅವಳು ಮೇಲಿನ ತಲೆಮಾರನ್ನೂ ಬರೆದಿದ್ದಳು. ತಾತ ತನ್ನ ಅಕ್ಕನ ಮಗಳನ್ನೇ ಮದುವೆಯಾಗಿದ್ದು. ಇಬ್ಬರ ನಡುವೆ ಜೋಡಿ ಗೆರೆ, ರಕ್ತಸಂಬಂಧದ ಗುರುತು. ಇಬ್ಬರಿಗೂ ಕಿವಿ ಸರಿಯಿತ್ತು. ಮೂರು ಮಕ್ಕಳಲ್ಲಿ ದೊಡ್ಡಮ್ಮನಿಗೆ ಮಾತ್ರ ಕೇಳಿಸಲ್ಲ. ಇವಳ ಅಮ್ಮನಿಗೆ, ಕೊನೆಯ ಮಾವನಿಗೆ ಕೇಳಿಸುತ್ತೆ. ಇಲ್ಲಿ ಮೊದಲನೇ ಸೂತ್ರ ಹಚ್ಚಿದರೆ ರಿಸೆಸಿವ್. ಹೆಣ್ಣುಮಗಳಿಗೆ ಬಂದಿದೆ, ಅವಳ ಅಪ್ಪನಿಗೆ ಇಲ್ಲ. ಗಂಡಸಿಗೆ ಎಕ್ಸ್ ಒಂದೇ, ಅದು ಕೆಟ್ಟಿದ್ದರೆ ಅಪ್ಪನಿಗೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಎಕ್ಸ್ ಕ್ರೋಮೋಸೋಮಿನ ರಿಸೆಸಿವ್ ಕೂಡ ಅಲ್ಲ.

ಒಂದೇ ಹಾಳೆಯಲ್ಲಿ ನನ್ನ ಎರಡು ಸೂತ್ರಗಳು ಒಂದಕ್ಕೊಂದು ಎದುರು ನಿಂತಿದ್ದವು. ನಾನು ಅವಸರದಲ್ಲಿ, "ದೊಡ್ಡಪ್ಪನಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಹೋಗಿರಬೇಕು ನೋಡಮ್ಮಾ" ಅಂದೆ. ಅದೂ ಆಗುವುದುಂಟು. ಮೆದುಳು ಜ್ವರದಿಂದ ಕಿವಿ ಹೋದವರು ಚಾರ್ಟಿನಲ್ಲಿ ಆನುವಂಶಿಕದವರ ಹಾಗೇ ಕಾಣುತ್ತಾರೆ. ಆದರೆ ಅವಳು ತಲೆ ಅಲ್ಲಾಡಿಸಿದಳು. "ಇಲ್ಲ ಮೇಡಂ. ದೊಡ್ಡಪ್ಪನ ತಮ್ಮನಿಗೂ ಹುಟ್ಟಿನಿಂದ ಕೇಳಿಸಲ್ಲ. ಅವರ ಅಪ್ಪ ಅಮ್ಮನೂ ಸಂಬಂಧದಲ್ಲೇ, ಅತ್ತೆ ಮಗಳು ಮಾವನ ಮಗ." ಅಷ್ಟರಲ್ಲಿ ಬೆಲ್ ಆಯಿತು.

ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿ ಒಬ್ಬರಿಗೆ ಹೇಳಿದೆ. "ಅಂಥದ್ದು ಪರೀಕ್ಷೆಗೆ ಬರಲ್ಲ, ಬಿಡಿ" ಅಂದರು. ಒಳ್ಳೆಯವರೇ, ಕೆಲಸದಲ್ಲಿ ಯಾರಿಗೂ ಕಡಿಮೆ ಇಲ್ಲ. ಆದರೆ ಆ ಮಾತು ನನಗೆ ಬೇಸರ ತಂದಿತು. ಮನೆಯ ವಿಷಯ ಹಿಡಿದು ಬಂದ ಹುಡುಗಿಗೆ ಪರೀಕ್ಷೆಯ ಉತ್ತರ ಸಾಕಾಗುತ್ತಾ?

ರಾತ್ರಿ ಕೂತು ಬಿಡಿಸಿದೆ. ಕಿವಿ ಕೇಳಿಸಲು ಒಂದೇ ಜೀನ್ ಸಾಲದು. ಕನೆಕ್ಸಿನ್ 26 ಎಂಬ ಪ್ರೋಟೀನ್ ಮಾಡುವ ಜೀನ್ ಕೆಟ್ಟರೆ ಕಿವುಡು ಬರುವುದು ತುಂಬಾ ಸಾಮಾನ್ಯ, ಆದರೆ ಅಂಥ ಜೀನ್‌ಗಳು ನೂರಕ್ಕೂ ಜಾಸ್ತಿ ಇವೆ. ದೊಡ್ಡಮ್ಮನಿಗೆ ಕೆಟ್ಟಿದ್ದು ಒಂದು ಜೀನ್, ದೊಡ್ಡಪ್ಪನಿಗೆ ಬೇರೊಂದು. ಒಳ್ಳೆಯ ಪ್ರತಿಗೆ ದೊಡ್ಡಕ್ಷರ, ಕೆಟ್ಟದ್ದಕ್ಕೆ ಚಿಕ್ಕಕ್ಷರ ಹಾಕಿ ದೊಡ್ಡಮ್ಮ `aaBB`, ದೊಡ್ಡಪ್ಪ `AAbb` ಅಂತ ಬರೆದರೆ ಮಕ್ಕಳೆಲ್ಲ `AaBb`. ಅಪ್ಪನಲ್ಲಿ ಕೆಟ್ಟಿದ್ದನ್ನು ಅಮ್ಮನ ಒಳ್ಳೆಯ ಪ್ರತಿ ತುಂಬುತ್ತೆ, ಅಮ್ಮನಲ್ಲಿ ಕೆಟ್ಟಿದ್ದನ್ನು ಅಪ್ಪನದು. ಇಬ್ಬರದೂ ರಿಸೆಸಿವ್ ಆಗಿದ್ದೂ ಮಕ್ಕಳಿಗೆ ಕೇಳಿಸುತ್ತೆ. ಇಬ್ಬರಲ್ಲೂ ಒಂದೇ ಜೀನ್ ಕೆಟ್ಟಿದ್ದರೆ ಮಕ್ಕಳೆಲ್ಲ ಕಿವುಡರೇ ಆಗುತ್ತಿದ್ದರು. ಅಂದರೆ ಎರಡನೇ ಸೂತ್ರ ನಿಲ್ಲುವುದು ಇಬ್ಬರ ತೊಂದರೆಯೂ ಒಂದೇ ಜೀನಿನದು ಅಂತ ಗೊತ್ತಿದ್ದಾಗ ಮಾತ್ರ. ಆ ಷರತ್ತನ್ನು ನಾನು ಬೋರ್ಡಿನಲ್ಲಿ ಬರೆದೇ ಇರಲಿಲ್ಲ.

ಬುಧವಾರ ಅವಳನ್ನು ಕೂರಿಸಿಕೊಂಡು ಹೇಳಿದೆ. ಬೇಗ ಹಿಡಿದಳು. ಆಮೇಲೆ ನೋಟ್‌ಬುಕ್ ನೋಡುತ್ತಲೇ ನಿಧಾನವಾಗಿ ಅಂದಳು, "ಮೇಡಂ, ದೊಡ್ಡಮ್ಮನ ಮಗಳನ್ನ ನಮ್ಮ ಮಾವನಿಗೆ ಕೊಡೋ ಮಾತು ನಡೀತಿದೆ."

ಸೋಮವಾರದ ಪ್ರಶ್ನೆಯ ಹಿಂದೆ ಇದ್ದದ್ದು ಇದು. ಅದು ಡಾಮಿನೆಂಟ್ ಆಗಿದ್ದರೆ ಕಿವಿ ಕೇಳಿಸುವ ಅಕ್ಕ, ಕಿವಿ ಕೇಳಿಸುವ ಮಾವ ಇಬ್ಬರ ಹತ್ತಿರವೂ ಆ ಜೀನ್ ಇಲ್ಲ, ಮಕ್ಕಳಿಗೆ ಭಯವಿಲ್ಲ. ಅವಳಿಗೆ ಆ ಉತ್ತರ ಬೇಕಿತ್ತು. ನಾನು ಅವತ್ತು ಸುಮ್ನೆ ಹೂಂ ಅಂದುಬಿಟ್ಟಿದ್ದರೆ? ಇವತ್ತಿಗೂ ಎದೆ ಧಸಕ್ ಅನ್ನುತ್ತೆ.

ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಅಕ್ಕನ ಅಮ್ಮ `aa`, ಹಾಗಾಗಿ ಅಕ್ಕ ಖಂಡಿತ ವಾಹಕಿ, ಅಂದರೆ ತನಗೆ ತೊಂದರೆ ಇಲ್ಲದೆ ಒಂದು ಕೆಟ್ಟ ಪ್ರತಿ ಹೊತ್ತವಳು. ಮಾವನ ವಿಷಯದಲ್ಲಿ ಅವಳು 1/2 ಅಂತ ಬರೆದಳು. ತರಗತಿಯಲ್ಲಿ ಮುಕ್ಕಾಲು ಜನ ಎಡವುವುದು ಇಲ್ಲೇ. ತಾತ ಅಜ್ಜಿ ಇಬ್ಬರೂ `Aa`. ಮಕ್ಕಳಲ್ಲಿ ಸಾಧ್ಯವಿರುವುದು ನಾಲ್ಕು ಪಾಲು: ಒಂದು `AA`, ಎರಡು `Aa`, ಒಂದು `aa`. ಮಾವನಿಗೆ ಕಿವಿ ಕೇಳಿಸುತ್ತೆ ಅಂತ ನಮಗೆ ಗೊತ್ತು. `aa` ಪಾಲನ್ನು ಹೊಡೆದುಹಾಕಬೇಕು. ಉಳಿದ ಮೂರರಲ್ಲಿ ಎರಡು ವಾಹಕ. ಅಂದರೆ 2/3. ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ 1/4. ಒಟ್ಟು 1 × 2/3 × 1/4, ಅಂದರೆ 1/6.

ಅಕ್ಕ ಸಂಬಂಧದ ಆಚೆ ಮದುವೆಯಾದರೆ? ಹೊರಗಿನವರಲ್ಲಿ 50ಕ್ಕೆ ಒಬ್ಬ ಈ ಜೀನಿನ ವಾಹಕ ಅಂತ ಲೆಕ್ಕಕ್ಕೆ ಇಟ್ಟುಕೊಂಡೆವು. 1 × 1/50 × 1/4, ಅಂದರೆ 1/200. ಅವಳು ಎರಡು ಸಂಖ್ಯೆಗಳನ್ನೂ ಬಹಳ ಹೊತ್ತು ನೋಡಿದಳು.

ನಮ್ಮ ಪುಸ್ತಕಗಳ ಪ್ರಶ್ನೆಗಳಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ: ಮದುವೆಯಾಗಿ ಬಂದವರು ವಾಹಕರಲ್ಲ ಎಂದು ಭಾವಿಸಿ. ಲೆಕ್ಕ ಸುಲಭವಾಗಲಿ ಅಂತ ಹಾಕುತ್ತಾರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಂದ ಸೊಸೆ ಹೊರಗಿನವಳೇ ಅಲ್ಲ. ಈ ವಾರ ಪ್ರಶ್ನೆಪಟ್ಟಿಯಿಂದ ಆ ವಾಕ್ಯ ತೆಗೆದೆ. ಮಕ್ಕಳು ಮೊದಲು ಪ್ರತಿ ಗುರುತಿನ ಕೆಳಗೆ ಗೊತ್ತಿರುವಷ್ಟೇ ಬರೆಯಬೇಕು, ಗೊತ್ತಿಲ್ಲದ ಕಡೆ `A_` ಅಂತ ಗೆರೆ ಬಿಡಬೇಕು. ಆಮೇಲೆ ಒಂದೊಂದು ದಂಪತಿಯನ್ನೂ ನೋಡಿ, ಇವರಿಂದ ಯಾವ ಸಾಧ್ಯತೆ ಹೋಯಿತು, ಏನು ನಂಬಿದ್ದರಿಂದ ಹೋಯಿತು ಅಂತ ಬರೆಯಬೇಕು. ಡಾಮಿನೆಂಟ್, ರಿಸೆಸಿವ್ ಅನ್ನುವ ಹೆಸರು ಕೊನೆಗೆ. ತಲೆಮಾರು ಬಿಟ್ಟು ಬಂದರೆ ರಿಸೆಸಿವ್ ಅಂತ ಗೈಡ್ ನೋಡಿ ಬರೆಯುವ ಹುಡುಗರಿಗೆ ಇದು ಕಷ್ಟವಾಗುತ್ತೆ. ಆಗಲಿ. ಇನ್ನೊಂದು ನಿರ್ಧಾರವನ್ನೂ ಮಾಡಿದ್ದೇನೆ. ನಿಮ್ಮ ಮನೆಯ ಚಾರ್ಟ್ ಬರೆದು ತನ್ನಿ ಅಂತ ಯಾರಿಗೂ ಹೇಳಲ್ಲ. ತಾವಾಗಿ ತಂದರೆ ಬಾಗಿಲು ಹಾಕಿಕೊಂಡು ಕೂತು ನೋಡುತ್ತೇನೆ.

ಅವಳ ದೊಡ್ಡಮ್ಮ ಊರಲ್ಲಿ ಬಟ್ಟೆ ಹೊಲಿಯುತ್ತಾರಂತೆ, ಹಬ್ಬ ಬಂದರೆ ಕೈಗೆ ಬಿಡುವಿಲ್ಲ. "ದೊಡ್ಡಮ್ಮನಿಗೆ ಏನೂ ಕಮ್ಮಿ ಇಲ್ಲ ಮೇಡಂ" ಅಂದಳು. ನಿಜ. ಈ ಮದುವೆ ಬೇಡ ಅನ್ನಲು ನಾನು ಯಾರು? ಆದರೆ ಲೆಕ್ಕ ಗೊತ್ತಿದ್ದು ಮಾಡಿಕೊಳ್ಳುವುದು ಬೇರೆ, ಗೊತ್ತಿಲ್ಲದೆ ಮಾಡಿಕೊಳ್ಳುವುದು ಬೇರೆ.

ಬಸ್ಸಿಗೆ ಹೊತ್ತಾಗಿತ್ತು. ಬ್ಯಾಗ್ ಹೆಗಲಿಗೇರಿಸಿ ಬಾಗಿಲವರೆಗೆ ಹೋದವಳು ತಿರುಗಿದಳು. "1/6 ಅಂದ್ರೆ ಆರು ಮಕ್ಕಳಲ್ಲಿ ಒಬ್ಬರಿಗೆ ಅಂತಾನಾ ಮೇಡಂ?"

"ಅಲ್ಲಮ್ಮಾ. ಮಾವ ವಾಹಕ ಆಗಿದ್ದರೆ ಪ್ರತಿ ಮಗುವಿಗೂ 1/4. ಆಗಿಲ್ಲದಿದ್ದರೆ ಸೊನ್ನೆ. ಯಾವುದು ಅಂತ ನಮಗೆ ಗೊತ್ತಿಲ್ಲದ್ದಕ್ಕೆ 1/6."

"ಹಂಗಾದ್ರೆ ಮಾವನಿಗೆ ಟೆಸ್ಟ್ ಮಾಡಿಸಿದ್ರೆ ಗೊತ್ತಾಗುತ್ತೆ."

"ಮೊದಲು ದೊಡ್ಡಮ್ಮನಿಗೆ. ಅವರಲ್ಲಿ ಯಾವ ಜೀನ್ ಕೆಟ್ಟಿದೆ ಅಂತ ಸಿಕ್ಕರೆ ತಾನೇ ಮಾವನಲ್ಲಿ ಹುಡುಕೋಕೆ ಆಗೋದು."

ಅವಳು ಒಂದು ಕ್ಷಣ ಸುಮ್ಮನೆ ನಿಂತಳು. "ದೊಡ್ಡಮ್ಮನಿಗೆ ನಾನೇ ಕೈಸನ್ನೆಯಲ್ಲಿ ಹೇಳ್ತೀನಿ" ಅಂತ ಹೇಳಿ ಬಸ್ ಸ್ಟ್ಯಾಂಡಿಗೆ ಓಡಿದಳು.