ಕಾರ್ಡಿಗನ್ ಪಟ್ಟಿಗೆ ಎಷ್ಟು ಕುಣಿಕೆ, ಕಾಜ ಎಲ್ಲಿ

ಮಡಿಕೇರಿಯಲ್ಲಿ ಕೈಹೆಣಿಗೆಯ ಸ್ವೆಟರು, ಕಾರ್ಡಿಗನ್‌ಗಳನ್ನು ಆರ್ಡರ್ ಮೇಲೆ ಮಾಡಿಕೊಡುತ್ತೇನೆ. ಒಮ್ಮೆ ಮಳೆಗಾಲ ಶುರುವಾಗುವ ಹೊತ್ತಿಗೆ ಕೊಟ್ಟ ಕಾರ್ಡಿಗನ್ ಒಂದು ವಾರದಲ್ಲಿ ವಾಪಸ್ ಬಂತು. ಹಾಕಿಕೊಂಡವರು ಕನ್ನಡಿ ಮುಂದೆ ನಿಂತು, "ಮುಂದಿನ ಅಂಚು ಮೇಲಕ್ಕೆ ಎಳ್ಕೊಂಡಿದೆ ನೋಡಿ, ಹಿಂದಗಡೆ ಮಾತ್ರ ಸರಿಯಾಗಿ ಇಳಿದಿದೆ" ಅಂದರು. ನಿಜವೇ. ಗುಂಡಿ ಹಾಕಿದಾಗ ಮುಂಭಾಗ ಎರಡು ಬೆರಳಷ್ಟು ಗಿಡ್ಡವಾಗಿತ್ತು, ಕಾಜಗಳ ನಡುವೆ ಸಣ್ಣ ಸಣ್ಣ ಮಡಿಕೆಗಳೂ ಎದ್ದಿದ್ದವು. ಮೈಭಾಗದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಗುಂಡಿ, ಕಾಜ ಕೂರುವ ಮುಂದಿನ ಪಟ್ಟಿಯಲ್ಲಿ.

ಮುಂಭಾಗದ ನೇರ ಅಂಚು 54 ಸೆಂ.ಮೀ. ಇತ್ತು. ಮೈಯನ್ನು 4 ಮಿ.ಮೀ. ಕಡ್ಡಿಯಲ್ಲಿ ಸ್ಟಾಕಿಂಗ್ ಹೆಣಿಗೆ ಹಾಕಿದ್ದೆ. ಗೇಜ್ 10 ಸೆಂ.ಮೀ.ಗೆ ಅಡ್ಡಕ್ಕೆ 22 ಕುಣಿಕೆ, ಉದ್ದಕ್ಕೆ 30 ಸಾಲು. ಹಾಗಾಗಿ ಅಂಚಿನಲ್ಲಿ ಒಟ್ಟು 162 ಸಾಲು. ಪಟ್ಟಿ ಹಾಕುವಾಗ ಈ ಸಾಲುಗಳ ಪಕ್ಕದಿಂದ ಹೊಸ ಕುಣಿಕೆ ಎತ್ತಬೇಕು. ಕುಣಿಕೆ ಅಗಲ ಜಾಸ್ತಿ, ಸಾಲಿನ ಎತ್ತರ ಕಡಿಮೆ. ಸಾಲಿಗೊಂದು ಕುಣಿಕೆ ಎತ್ತುತ್ತಾ ಹೋದರೆ ಪಟ್ಟಿ ಅಂಚಿಗಿಂತ ಉದ್ದವಾಗಿ ಅಲೆಅಲೆಯಾಗುತ್ತದೆ. ಆದ್ದರಿಂದ ನಡುನಡುವೆ ಸಾಲು ಬಿಡಬೇಕು. ನಾನು 22ನ್ನು 30ರಿಂದ ಭಾಗಿಸಿದೆ, 0.73 ಬಂತು. ನಾಲ್ಕು ಸಾಲಿಗೆ ಮೂರು ಕುಣಿಕೆ ಅಂದುಕೊಂಡು 121 ಎತ್ತಿದೆ.

ಎಡವಿದ್ದು ಇಲ್ಲೇ. ಆ 22 ಅನ್ನುವುದು ಮೈಭಾಗದ ಗೇಜ್, ಪಟ್ಟಿಯದ್ದಲ್ಲ. ಪಟ್ಟಿ ಹಾಕಿದ್ದು 3.25 ಮಿ.ಮೀ. ಕಡ್ಡಿಯಲ್ಲಿ, ಒಂದು ಸೀದಾ ಒಂದು ಉಲ್ಟಾ ರಿಬ್‌ನಲ್ಲಿ. ಕಡ್ಡಿ ಸಣ್ಣದಾದರೆ ಕುಣಿಕೆಯೂ ಸಣ್ಣದಾಗುತ್ತದೆ. ರಿಬ್‌ನ ಗುಣವೇ ಒಳಕ್ಕೆ ಎಳೆದುಕೊಳ್ಳುವುದು. ವಾಪಸ್ ಬಂದ ಪಟ್ಟಿಯನ್ನು ಟೇಪ್ ಹಿಡಿದು ಅಳೆದೆ. ಮೈಮೇಲೆ ನಿಲ್ಲುವಷ್ಟು ಮಾತ್ರ ಮೆಲ್ಲಗೆ ಹಿಗ್ಗಿಸಿದಾಗ 10 ಸೆಂ.ಮೀ.ಗೆ 24 ಕುಣಿಕೆ ಬಂತು. ಆ ಲೆಕ್ಕಕ್ಕೆ 121 ಕುಣಿಕೆ ಸುಮಾರು 50.4 ಸೆಂ.ಮೀ. ಆಗುತ್ತದೆ. 54 ಸೆಂ.ಮೀ. ಅಂಚಿಗೆ 50.4ರ ಪಟ್ಟಿ ಹೊಲಿದಂತೆ ಆಗಿತ್ತು. ಆ 3.6 ಸೆಂ.ಮೀ. ಎಳೆತವೇ ಬಟ್ಟೆಯನ್ನು ಮೇಲಕ್ಕೆತ್ತಿದ್ದು.

ಪಟ್ಟಿ ಬಿಚ್ಚಿ ಮತ್ತೆ ಲೆಕ್ಕ ಹಾಕಿದೆ. ಈ ಸಲ ಪಟ್ಟಿಯ ಗೇಜ್ ಹಿಡಿದು: 24ನ್ನು 30ರಿಂದ ಭಾಗಿಸಿದರೆ 0.8, ಅಂದರೆ ಐದು ಸಾಲಿಗೆ ನಾಲ್ಕು ಕುಣಿಕೆ. ನಾಲ್ಕು ಸಾಲಿನಲ್ಲಿ ಎತ್ತಿ ಐದನೆಯದನ್ನು ಬಿಡುವುದು. 162 ಸಾಲಿನಲ್ಲಿ ಇಂಥ 32 ಗುಂಪು, ಅದಕ್ಕೆ 128 ಕುಣಿಕೆ. ಉಳಿದ ಎರಡು ಸಾಲಿಗೆ ಒಂದು ಸೇರಿಸಿ 129. ಈ ರಿಬ್‌ಗೆ ಬೆಸ ಸಂಖ್ಯೆಯೇ ಬೇಕು, ಆಗ ಎರಡೂ ತುದಿಯಲ್ಲಿ ಸೀದಾ ಕುಣಿಕೆ ನಿಂತು ಪಟ್ಟಿ ಅಚ್ಚುಕಟ್ಟಾಗಿ ಕಾಣುತ್ತದೆ.

ಎತ್ತುವಾಗ ಕಡ್ಡಿಯನ್ನು ಅಂಚಿನ ತೀರಾ ಹೊರ ಎಳೆಗೆ ಚುಚ್ಚಬಾರದು, ಅಲ್ಲಿ ತೂತು ಬೀಳುತ್ತದೆ. ಒಂದು ಪೂರ್ತಿ ಕುಣಿಕೆ ಒಳಗೆ, ಮೊದಲ ಮತ್ತು ಎರಡನೆಯ ಕುಣಿಕೆಗಳ ನಡುವಿನ ಸಂದಿನಲ್ಲಿ ಎತ್ತಬೇಕು. ಎತ್ತುತ್ತಾ ಹೋದಾಗ ಲೆಕ್ಕ ತಪ್ಪದಿರಲು ಅಂಚನ್ನು ಮೊದಲೇ ಪಿನ್ನು ಚುಚ್ಚಿ ಆರು ಸಮಭಾಗ ಮಾಡಿಕೊಳ್ಳುತ್ತೇನೆ. ಒಂದೊಂದರಲ್ಲಿ 21 ಅಥವಾ 22 ಕುಣಿಕೆ ಬಂದರೆ ಸಾಕು. ಕೆಳಗಿನ ರಿಬ್ ಅಂಚು ಮೈಗಿಂತ ಬೇರೆ ಗೇಜಿನಲ್ಲಿದ್ದು ಸಾಲಿನ ಎಣಿಕೆ ಹೊಂದದಿದ್ದರೂ ಈ ಉದ್ದದ ಲೆಕ್ಕ ಕೈಬಿಡುವುದಿಲ್ಲ. ಮೈ ಎಲ್ಲಾ ಸಾಲನ್ನೂ ಸೀದಾ ಹಾಕುವ ಗಾರ್ಟರ್ ಹೆಣಿಗೆಯಾದರೆ ಅನುಪಾತವೇ ಬೇರೆ, ಎರಡು ಸಾಲಿನ ಒಂದು ಏರಿಗೆ ಸಾಧಾರಣವಾಗಿ ಒಂದು ಕುಣಿಕೆ.

ಮೊದಲು ಹಾಕಿದ್ದು ಎಡಗಡೆಯ ಗುಂಡಿ ಪಟ್ಟಿ. ಅದು ನೆಟ್ಟಗೆ ನಿಂತಿದೆಯೇ ಅಂತ ನೋಡಿಕೊಂಡೇ ಬಲಗಡೆಯ ಕಾಜದ ಪಟ್ಟಿಗೆ ಕೈ ಹಾಕುವುದು. ಮೇಜಿನ ಮೇಲೆ ಹರಡಿದಾಗ ಕೆಳಗಿನ ತುದಿ ಮೇಲಕ್ಕೆ ಬಾಗಿದರೆ ಕುಣಿಕೆ ಕಡಿಮೆ, ಪಟ್ಟಿ ಅಲೆ ಎದ್ದರೆ ಜಾಸ್ತಿ.

ಕಾಜದ ಲೆಕ್ಕದಲ್ಲಿ ಇನ್ನೊಂದು ತಪ್ಪನ್ನು ಕಡ್ಡಿಯಲ್ಲಿ ಮಾಡುವ ಮೊದಲು ಕಾಗದದಲ್ಲೇ ಹಿಡಿದೆ. 15 ಮಿ.ಮೀ. ಗುಂಡಿ ಏಳು. ಒಂದು ಕಾಜಕ್ಕೆ ಮೂರು ಕುಣಿಕೆ, ಅಂದರೆ 1.25 ಸೆಂ.ಮೀ. ಹೆಣಿಗೆ ಹಿಗ್ಗುವುದರಿಂದ ಕಾಜ ಗುಂಡಿಗಿಂತ ಸ್ವಲ್ಪ ಸಣ್ಣದೇ ಇರಬೇಕು, ಇಲ್ಲದಿದ್ದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಏಳು ಕಾಜಕ್ಕೆ 21. ಎರಡೂ ತುದಿಗೆ ನಾಲ್ಕು ನಾಲ್ಕು ಬಿಟ್ಟೆ. 129ರಲ್ಲಿ ಇಷ್ಟೂ ಕಳೆದರೆ 100. ಏಳು ಕಾಜಗಳ ನಡುವೆ ಆರೇ ಸಂದು (ಇಲ್ಲಿ ಏಳರಿಂದ ಭಾಗಿಸುವವರನ್ನು ತುಂಬಾ ನೋಡಿದ್ದೇನೆ). ಆರರಿಂದ ಭಾಗಿಸಿದರೆ ಒಂದೊಂದು ಸಂದಿಗೆ 16, ಮಿಕ್ಕಿದ್ದು ನಾಲ್ಕು. ಆ ನಾಲ್ಕನ್ನು ತುದಿಗಳಿಗೆ ಹಂಚಿದರೆ ಲೆಕ್ಕ ಮುಗಿಯಿತು ಅಂದುಕೊಂಡೆ.

ಆದರೆ ರಿಬ್ ಒಪ್ಪುವುದಿಲ್ಲ. ಸಂದು 16, ಕಾಜ 3, ಒಂದು ಕಾಜದಿಂದ ಮುಂದಿನ ಕಾಜಕ್ಕೆ 19 ಕುಣಿಕೆ. ಅದು ಬೆಸ. ಒಂದು ಕಾಜ ಉಲ್ಟಾ ಕುಣಿಕೆಯ ಮೇಲೆ ಶುರುವಾದರೆ ಮುಂದಿನದ್ದು ಸೀದಾ ಕುಣಿಕೆಯ ಮೇಲೆ ಶುರುವಾಗುತ್ತದೆ. ಸೀದಾ ಕುಣಿಕೆಯ ಉಬ್ಬಿದ ಏಣು ಕಾಜದ ನಡುವೆ ಬೀಳುವುದಕ್ಕೂ ಎರಡು ಏಣುಗಳ ನಡುವಿನ ತಗ್ಗು ಬೀಳುವುದಕ್ಕೂ ರೂಪ ಬೇರೆ. ಅಂತರ ಅಳೆದರೆ ಸಮ, ನೋಡಿದರೆ ವಕ್ರ. ಹಾಗಾಗಿ ಕಾಜದಿಂದ ಕಾಜಕ್ಕೆ ಸಮ ಸಂಖ್ಯೆಯೇ ಆಗಬೇಕು. ಸಂದನ್ನು 17 ಮಾಡಿದೆ. ಆರು ಸಂದಿಗೆ 102, ಕಾಜಗಳಿಗೆ 21, ಒಟ್ಟು 123. ಉಳಿದ ಆರನ್ನು ತುದಿಗೆ ಮೂರು ಮೂರು. ಕೂಡಿದರೆ ಸರಿಯಾಗಿ 129.

ಕಾಜಗಳು 4, 24, 44, 64, 84, 104, 124ನೆಯ ಕುಣಿಕೆಯಲ್ಲಿ ಶುರು. ಎಲ್ಲವೂ ಉಲ್ಟಾ-ಸೀದಾ-ಉಲ್ಟಾ, ನಡುವೆ ಒಂದೇ ಏಣು. ಎರಡೂ ತುದಿಯಲ್ಲಿ ಮೂರೇ ಇರುವುದರಿಂದ ಕೆಳಗಿನಿಂದ ಎಣಿಸಿದರೂ ಕುತ್ತಿಗೆಯ ಕಡೆಯಿಂದ ಎಣಿಸಿದರೂ ಜಾಗ ಒಂದೇ, ಕಾಜ ಮುಂಬದಿಯ ಸಾಲಿನಲ್ಲಿ ಬಂದರೂ ಹಿಂಬದಿಯ ಸಾಲಿನಲ್ಲಿ ಬಂದರೂ ತೊಂದರೆಯಿಲ್ಲ.

ಹೆಣೆಯುವ ಮುಂಚೆ ಒಂದು ಅಳತೆ ನೋಡಲೇಬೇಕು. ಎದೆಯ ಅತಿ ತುಂಬು ಜಾಗಕ್ಕೆ ಒಂದು ಗುಂಡಿ ಬೀಳದಿದ್ದರೆ ಎಷ್ಟೇ ಸಮವಾಗಿದ್ದರೂ ಅಲ್ಲಿ ಬಾಯಿ ಬಿಡುತ್ತದೆ. ಅವರಿಗೆ ಅದು ಕೆಳ ಅಂಚಿನಿಂದ 35 ಸೆಂ.ಮೀ. ಮೇಲಿತ್ತು. ಐದನೆಯ ಕಾಜದ ನಡುವಿನ ಕುಣಿಕೆ 85ನೆಯದು, 24ರ ಗೇಜಿಗೆ 35 ಸೆಂ.ಮೀ. ಚಿಲ್ಲರೆ. ಸರಿಹೊಂದಿತು. ಹೊಂದದಿದ್ದರೆ ಸಂದನ್ನು 15 ಮಾಡಿ ಕೆಳತುದಿಯಲ್ಲಿ ಜಾಸ್ತಿ ಬಿಡುತ್ತಿದ್ದೆ, ಅಥವಾ ಗುಂಡಿ ಒಂದನ್ನು ಹೆಚ್ಚಿಸುತ್ತಿದ್ದೆ. ವಿ ಕುತ್ತಿಗೆಗೆ ಈ ಲೆಕ್ಕ ಇಳಿಜಾರು ಶುರುವಾಗುವ ಜಾಗಕ್ಕೇ ನಿಲ್ಲುತ್ತದೆ.

ಪಟ್ಟಿ ಒಟ್ಟು ಒಂಬತ್ತು ಸಾಲು. ಐದನೆಯ ಸಾಲಿನಲ್ಲಿ ಮೂರು ಮೂರು ಕುಣಿಕೆ ಮುಚ್ಚಿ, ಆರನೆಯದರಲ್ಲಿ ಅದೇ ಜಾಗದಲ್ಲಿ ಮೂರು ಹೊಸದಾಗಿ ಹಾಕಿಕೊಂಡೆ. ಮುಗಿದ ಮೇಲೆ ನೆನೆಸಿ, ಮಟ್ಟವಾಗಿ ಹರಡಿ ಒಣಗಿಸಿ, ಕಾಜಗಳ ಮೂಲಕ ಎಡಪಟ್ಟಿಗೆ ಪಿನ್ನು ಚುಚ್ಚಿ ಗುರುತು ಹಾಕಿ ಗುಂಡಿ ಹೊಲಿದೆ. ಈ ಸಲ ಹಾಕಿಕೊಂಡಾಗ ಮುಂದಿನ ಅಂಚು ಹಿಂದಿನದರ ಮಟ್ಟಕ್ಕೇ ಇಳಿದಿತ್ತು. ಅವರು ಎಲ್ಲಾ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿ ನೋಡಿದರು.