ಗಂಟೆಗೆ ಎಷ್ಟು ಕಿಲೋಮೀಟರ್?

"ಸರ್, ಬ್ಯಾಗ್ ಹೊತ್ಕೊಂಡು ನಿಮ್ಮ ಕೆಡೆಟ್‌ಗಳು ಗಂಟೆಗೆ ಎಷ್ಟು ಕಿಲೋಮೀಟರ್ ನಡೀತಾರೆ?"

ನಾಲ್ಕು. ಸಮಾಧಾನ ಆಯ್ತಾ?

ಈ ನಾಲ್ಕು ನನ್ನದಲ್ಲ, ಕಾಲಾಳು ಸೈನ್ಯದ ಹಳೇ ಲೆಕ್ಕ. ಒಂದು ಹೆಜ್ಜೆ ಸುಮಾರು 76 ಸೆಂಟಿಮೀಟರ್. ನಿಮಿಷಕ್ಕೆ 106 ಹೆಜ್ಜೆ. 50 ನಿಮಿಷ ನಡೆದರೆ ನಾಲ್ಕು ಕಿಲೋಮೀಟರ್ ಆಗುತ್ತದೆ, ಉಳಿದ 10 ನಿಮಿಷ ಕೂರುವುದಕ್ಕೆ. ಆದರೆ ಇದು ಹಗಲು ಹೊತ್ತಿನ ಒಳ್ಳೇ ರಸ್ತೆಯ ಮಾತು, ಬೆಳೆದ ಸೈನಿಕರ ಮಾತು. ರಸ್ತೆ ಬಿಟ್ಟು ಹೊಲ, ಕಾಡು ಹೊಕ್ಕರೆ ಅದೇ ಲೆಕ್ಕ ಎರಡೂವರೆಯ ಕೆಳಗೆ ಬರುತ್ತದೆ. ಹದಿನಾರು ವರ್ಷದ ಹುಡುಗಿಗೆ ಹೊಂದಿಸಿ ಯಾರೂ ಅದನ್ನು ಬರೆದಿಲ್ಲ.

ಒಮ್ಮೆ ಕುಮಾರ ಪರ್ವತಕ್ಕೆ ಹೊರಟಾಗ ಒಬ್ಬ ತಂದೆ ನನ್ನ ವೇಳಾಪಟ್ಟಿ ಹಿಡಿದುಕೊಂಡು ಬಂದರು. "ಹದಿಮೂರು ಕಿಲೋಮೀಟರ್ ಅಷ್ಟೇ ಅಲ್ವಾ? ಮೂರು ಗಂಟೆ ಸಾಕು. ನೀವ್ಯಾಕೆ ಎಂಟು ಗಂಟೆ ಹಾಕಿದ್ದೀರಿ?" ದನಿಯಲ್ಲಿ, ಉಳಿದ ಐದು ಗಂಟೆ ನಾನೇನೋ ಮಲಗಿಬಿಡುತ್ತೇನೆ ಅನ್ನುವ ಅನುಮಾನ.

ಸ್ವಾಮಿ, ಸುಬ್ರಹ್ಮಣ್ಯದಿಂದ ತುದಿಗೆ ಸುಮಾರು 1,600 ಮೀಟರ್ ಏರಬೇಕು. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸರಳ ಲೆಕ್ಕ ಕೊಟ್ಟ. ಈಗಿನ ಅಳತೆಯಲ್ಲಿ ಐದು ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕೂಡಿ ನೋಡಿ: ದೂರಕ್ಕೆ ಸುಮಾರು ಎರಡು ಗಂಟೆ ನಲವತ್ತು ನಿಮಿಷ, ಏರಿಗೆ ಮತ್ತೆ ಅಷ್ಟೇ. ಅಂದರೆ ಐದೂಕಾಲು ಗಂಟೆಯ ಮೇಲೆ. ಅದೂ ಗಟ್ಟಿಮುಟ್ಟಾದ ದೊಡ್ಡವರು, ಹೇಳಿಕೊಳ್ಳುವಂಥ ಹೊರೆ ಇಲ್ಲದೆ, ಎಲ್ಲೂ ಕೂರದೆ. ಗಂಟೆಗೆ ಹತ್ತು ನಿಮಿಷದ ವಿಶ್ರಾಂತಿ ಸೇರಿಸಿದರೆ ಆರೂಕಾಲು ದಾಟುತ್ತದೆ. ಹೊರೆ, ಮಕ್ಕಳ ಕಾಲು, ದಾರಿಯಲ್ಲಿ ಸಿಗುವ ಭಟ್ಟರ ಮನೆಯ ಹತ್ತಿರ ತಿಂಡಿ ಎಲ್ಲಾ ಹಾಕಿದರೆ ಎಂಟು ಜಾಸ್ತಿಯೇನಲ್ಲ. ಇಳಿಯುವುದನ್ನು ಇನ್ನೂ ಎಣಿಸಿಯೇ ಇಲ್ಲ.

ಹೊರೆಯ ವಿಷಯಕ್ಕೆ ಬಂದರೆ, ಮೈತೂಕದ ಆರನೇ ಒಂದು ಭಾಗದಿಂದ ಐದನೇ ಒಂದು ಭಾಗ, ನಾನು ಅದಕ್ಕಿಂತ ಮೇಲೆ ಹೋಗುವುದಿಲ್ಲ. 45 ಕೆಜಿ ಇರುವ ಹುಡುಗಿಗೆ ಒಂಬತ್ತು ಕೆಜಿ ಕೊನೆ. ಅದರಲ್ಲಿ ಎರಡು ಲೀಟರ್ ನೀರೇ ಎರಡು ಕೆಜಿ. "ಎಲ್ಲರಿಗೂ ಒಂದೇ ಥರ ಹನ್ನೆರಡು ಕೆಜಿ ಕೊಡಿ, ಶಿಸ್ತು" ಅನ್ನುವವರಿಗೆ ಮೊದಲು ಹನ್ನೆರಡು ಕೆಜಿ ಕೊಡಬೇಕು.

ಸರಿ, ಇಷ್ಟೆಲ್ಲಾ ಕೇಳುತ್ತಾರೆ. ಆದರೆ ಸಾಲಿನ ಕೊನೆಯವನಿಗೆ ಎಷ್ಟು ನಿಮಿಷ ವಿಶ್ರಾಂತಿ ಸಿಕ್ಕಿತು ಅಂತ ಯಾರೂ ಕೇಳುವುದಿಲ್ಲ.

ನಲವತ್ತು ಮಕ್ಕಳು ಒಬ್ಬರ ಹಿಂದೆ ಒಬ್ಬರು ಹೊರಟಿದ್ದಾರೆ ಅಂದುಕೊಳ್ಳಿ. ಮಧ್ಯೆ ಒಂದು ಹಳ್ಳ, ಜಾರುವ ಕಲ್ಲು. ಒಬ್ಬೊಬ್ಬರೇ ದಾಟಬೇಕು, ತಲೆಗೆ ಹದಿನೈದು ಸೆಕೆಂಡ್. ಮೊದಲನೆಯವನು ದಾಟಿದ ಸುಮಾರು ಹತ್ತು ನಿಮಿಷಕ್ಕೆ ನಲವತ್ತನೆಯವನು ದಾಟುತ್ತಾನೆ. ಮುಂದಿನವನು ಅಷ್ಟರಲ್ಲಿ ನಿಲ್ಲದೆ ನಡೆದಿರುತ್ತಾನೆ. ಹಿಂದಿನವನು ಅಂತರ ಮುಚ್ಚಲು ಬ್ಯಾಗ್ ಕುಲುಕಿಸಿಕೊಂಡು ಓಡುತ್ತಾನೆ. ಓಡದಿದ್ದರೆ, ಮುಂದಿನವರು ತಮ್ಮ ಹತ್ತು ನಿಮಿಷ ಮುಗಿಸಿ ಏಳುವ ಹೊತ್ತಿಗೆ ಇವನು ತಲುಪುತ್ತಾನೆ. ಅವನ ಪಾಲಿಗೆ ವಿಶ್ರಾಂತಿಯೇ ಇಲ್ಲ. ಆಮೇಲೆ "ಆ ಹುಡುಗನಿಗೆ ಸ್ಟಾಮಿನಾ ಇಲ್ಲ" ಅನ್ನುತ್ತಾರೆ.

ಹಾಗಾಗಿ ಹಳ್ಳ ದಾಟಿದ ಕೂಡಲೇ ಮುಂದಿನವರನ್ನು ನಿಲ್ಲಿಸುತ್ತೇನೆ. ಗಡಿಯಾರ ಶುರುವಾಗುವುದು ಕೊನೆಯವನು ಬ್ಯಾಗ್ ಇಳಿಸಿದ ಮೇಲೆ. ನಿಧಾನ ನಡೆಯುವವರು ಕೊನೆಗಲ್ಲ, ಮುಂದಿನಿಂದ ಎರಡನೇ, ಮೂರನೇ ಜಾಗಕ್ಕೆ. ಸಾಲು ಅವರ ಕಾಲಿನ ವೇಗದಲ್ಲೇ ಹೋಗುತ್ತದೆ. ಮೊದಲ ನಿಲುಗಡೆಗೆ ಗಂಟೆ ಕಾಯುವುದಿಲ್ಲ, ಅರ್ಧ ಗಂಟೆಗೇ ನಿಲ್ಲಿಸುತ್ತೇನೆ. ಭುಜದ ಪಟ್ಟಿ ಎಳೆದುಕೊಳ್ಳಲಿ, ಶೂ ಬಿಚ್ಚಿ ಹಿಮ್ಮಡಿ ನೋಡಿಕೊಳ್ಳಲಿ. ಕೆಂಪಗಾಗಿ ಬಿಸಿ ಇದ್ದರೆ ಅಲ್ಲೇ ಟೇಪ್ ಹಾಕಬೇಕು. ಗುಳ್ಳೆ ಎದ್ದ ಮೇಲೆ ಹಾಕಿದರೆ ನೋವು ಸ್ವಲ್ಪ ಕಮ್ಮಿಯಾಗಬಹುದು, ಅಷ್ಟೇ.

ನಡೆಯುವಾಗ ನಾನು ಗಡಿಯಾರಕ್ಕಿಂತ ಹೆಚ್ಚು ಕಿವಿಗೊಡುವುದು ಹರಟೆಗೆ. ಮಕ್ಕಳು ಪೂರ್ತಿ ವಾಕ್ಯ ಮಾತಾಡುತ್ತಿದ್ದರೆ ವೇಗ ಸರಿ ಇದೆ. ಒಂದೊಂದೇ ಪದ ಬರುತ್ತಿದ್ದರೆ ಮುಂದಿನವನಿಗೆ ಕೂಗಿ ಹೇಳುತ್ತೇನೆ: "ನಿಧಾನ ಮಾರಾಯ, ಊಟ ಎಲ್ಲೂ ಓಡಿಹೋಗಲ್ಲ."

ಆ ತಂದೆಗೆ ಇಷ್ಟೂ ಹೇಳಿದೆ. ಕೊನೆಗೆ ಕೇಳಿದರು, "ಹಾಗಾದ್ರೆ ಸರಾಸರಿ ಎಷ್ಟು ಬರುತ್ತೆ ಸರ್?"